ಮೂಲಪದದಿಂದ ಹೊಸ ಪದ: ದಸರಾ ರಜೆಯ ಅಭ್ಯಾಸ ಹಾಳೆ

ಒಂಬತ್ತನೆಯ ತರಗತಿ, ಪ್ರಥಮ ಭಾಷೆ ಕನ್ನಡ, ಬೇಲೂರು ತಾಲ್ಲೂಕು. ಒಟ್ಟು ಅಂಕ 25. ಉತ್ತರಗಳು ಹಾಳೆಯ ಹಿಂಬದಿಯಲ್ಲಿವೆ. ಮೊದಲು ಬಿಡಿಸಿ, ಆಮೇಲೆ ತಿರುಗಿಸಿ. ಅಂಕವನ್ನು ನೀವೇ ಹಾಕಿಕೊಳ್ಳಿ. ನಾನು ನೋಡುವುದು ಹೊಡೆದುಹಾಕಿ ತಿದ್ದಿದ ಗುರುತುಗಳನ್ನು.

ಮಕ್ಕಳೇ, ಕನ್ನಡದ ಪದ ಬೆಳೆಯುವುದು ಬಾಲದ ಕಡೆಯಿಂದ. ತಲೆಯ ಕಡೆ ಸೇರುವ ಅ, ನಿರ್, ಪ್ರ, ದುರ್ ಮುಂತಾದವು ಸಂಸ್ಕೃತದಿಂದ ಬಂದವು. ಬೇಜವಾಬ್ದಾರಿಯ ಬೇ, ಗೈರುಹಾಜರಿಯ ಗೈರು ಪಾರಸಿ, ಅರಬ್ಬಿಯ ಕಡೆಯವು. ಹೆಬ್ಬಂಡೆ, ಮುಂಗಾರು ಎಂಬ ಪದಗಳನ್ನು ಕಂಡು ಮೋಸಹೋಗಬೇಡಿ. ಅಲ್ಲಿರುವುದು ಪ್ರತ್ಯಯವಲ್ಲ, ಸಮಾಸ.

ಭಾಗ 1: ಭಾವನಾಮ ಮಾಡಿ (8 ಅಂಕ)

ಮಾದರಿ: ಜಾಣ + ಮೆ = ಜಾಣ್ಮೆ.

ತನ, ಇಕೆ, ಮೆ, ಪು, ತ, ಟ, ಲು ಇವುಗಳಲ್ಲಿ ಹೊಂದುವುದನ್ನು ಸೇರಿಸಿ. ಒಂದು ಪ್ರತ್ಯಯ ಎರಡು ಕಡೆ ಬರಬಹುದು.

ಬಡ, ಹಿರಿ, ಸಿರಿವಂತ, ತಾಳು, ಓಡು, ಕುಣಿ, ಬಿಳಿ, ಕೊಯ್ಯು

ಯಾವ ಮೂಲಕ್ಕೆ ಯಾವುದು ಎಂಬುದಕ್ಕೆ ಸೂತ್ರ ಕೇಳಬೇಡಿ. ಗಟ್ಟಿಯಾಗಿ ಹೇಳಿ ನೋಡಿ. ‘ಬಡಮೆ’ ಎಂದರೆ ನಿಮ್ಮ ಅಜ್ಜಿಯೇ ನಗುತ್ತಾರೆ.

ಭಾಗ 2: ಒಂದೇ ಬೇರು, ಐದು ಪದ (7 ಅಂಕ)

‘ಹಾರ’ ಎಂಬುದಕ್ಕೆ ಆ, ವಿ, ಪ್ರ, ಸಂ, ಪರಿ ಇವುಗಳನ್ನು ಒಂದೊಂದಾಗಿ ಸೇರಿಸಿ, ಪ್ರತಿ ಪದವನ್ನೂ ಸ್ವಂತ ವಾಕ್ಯದಲ್ಲಿ ಬಳಸಿ (5 ಅಂಕ).

ಇನ್ನು, ಹೋಟೆಲುಗಳ ಫಲಕಗಳಲ್ಲಿ ‘ಉಪಹಾರ’ ಎಂದು ಬರೆದಿರುವುದನ್ನು ನೋಡಿದ್ದೀರಿ. ಇಡ್ಲಿ, ವಡೆ ಮಾರುವವರಿಗೆ ಆ ಪದ ಸರಿಯೇ? ಸಂಧಿ ಬಿಡಿಸಿ ತೋರಿಸಿ (2 ಅಂಕ). ಹೋಟೆಲಿನವರಿಗೆ ಪಾಠ ಹೇಳಲು ಹೋಗಬೇಡಿ, ಹಾಳೆಯಲ್ಲಿ ಬರೆದರೆ ಸಾಕು.

ಭಾಗ 3: ಆವರಣದಲ್ಲಿರುವ ಪದವನ್ನು ವಾಕ್ಯಕ್ಕೆ ಹೊಂದುವಂತೆ ಬದಲಿಸಿ (10 ಅಂಕ)

ನಮ್ಮ ತಾಲ್ಲೂಕಿನ ಹಲ್ಮಿಡಿಯ ಶಾಸನ (ಇತಿಹಾಸ) ಮಹತ್ವದ್ದು. ಅದು ಸುಮಾರು ಕ್ರಿ.ಶ. 450ರ ಕಾಲದ್ದು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ನಡೆಯಿತು. ಅಲ್ಲಿನ ಮದನಿಕೆಯರ (ಸುಂದರ) ಸವಿಯಲು (ಪ್ರವಾಸ) ದೂರದಿಂದ ಬರುತ್ತಾರೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ (ಮೃದು) ಇರುತ್ತದೆ. ಹಾಗಾಗಿ (ಶಿಲ್ಪ) ಅದರ ಮೇಲೆ ಉಳಿಯನ್ನು (ಸೂಕ್ಷ್ಮ) ಆಡಿಸಿದರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ಪಟ್ಟಿಗೆ ಸೇರಿ, ಅವುಗಳಿಗೆ (ಜಗತ್ತು) ಮನ್ನಣೆ ದೊರೆಯಿತು. ಬೇಲೂರಿನಿಂದ ಚಿಕ್ಕಮಗಳೂರಿನತ್ತ ಹೊರಟರೆ ಕಾಫಿ ತೋಟಗಳು. ಹಣ್ಣು ಕೊಯ್ಯುವ ಹೊತ್ತಿಗೆ (ಕಾಲ) ಮಳೆ ಬಂದರೆ (ಬೆಳೆ) ಎದೆ ಝಲ್ಲೆನ್ನುತ್ತದೆ. ಕಣದಲ್ಲಿ ಹರಡಿದ ಹಣ್ಣು (ನಿಧಾನ) ಒಣಗುತ್ತದೆ, ಅಷ್ಟರಲ್ಲಿ ಬೂಷ್ಟು ಹಿಡಿಯುತ್ತದೆ.

ಹಿಂಬದಿ: ಉತ್ತರಗಳು

ಭಾಗ 1: ಬಡತನ, ಹಿರಿಮೆ, ಸಿರಿವಂತಿಕೆ, ತಾಳ್ಮೆ, ಓಟ, ಕುಣಿತ, ಬಿಳುಪು, ಕೊಯ್ಲು. ‘ಹಿರಿತನ’ ಎಂದು ಬರೆದವರಿಗೂ ಅಂಕ ಉಂಟು, ಆದರೆ ಎರಡೂ ಒಂದೇ ಅಲ್ಲ. ಹಿರಿತನ ವಯಸ್ಸಿನಿಂದ ಬರುತ್ತದೆ, ಹಿರಿಮೆಯನ್ನು ಗಳಿಸಬೇಕು.

ಭಾಗ 2: ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ. ತಿಂಡಿಗೆ ಉಪ + ಆಹಾರ = ಉಪಾಹಾರ, ಸವರ್ಣದೀರ್ಘ ಸಂಧಿ. ‘ಉಪಹಾರ’ ಎಂದರೆ ಕಾಣಿಕೆ. ಫಲಕವನ್ನು ನಂಬಿದರೆ ಬಿಲ್ಲು ಕೊಡಬೇಕಾಗಿಲ್ಲ!

ಭಾಗ 3: ಐತಿಹಾಸಿಕ, ಸೌಂದರ್ಯವನ್ನು, ಪ್ರವಾಸಿಗರು, ಮೃದುವಾಗಿ, ಶಿಲ್ಪಿಗಳು, ಸೂಕ್ಷ್ಮವಾಗಿ, ಜಾಗತಿಕ, ಅಕಾಲಿಕ, ಬೆಳೆಗಾರರ, ನಿಧಾನವಾಗಿ.

ಎರಡನೆಯದರಲ್ಲಿ ಪ್ರತಿ ವರ್ಷ ಅರ್ಧ ತರಗತಿ ಜಾರುತ್ತದೆ. ‘ಸೌಂದರ್ಯತೆ’ ಎಂಬ ಪದ ಬೇಡ. ಸುಂದರಕ್ಕೆ ‘ತೆ’ ಸೇರಿಸಿದರೆ ಸುಂದರತೆ, ಇಲ್ಲವೇ ಸೌಂದರ್ಯ. ಎರಡನ್ನೂ ಒಟ್ಟಿಗೆ ಹಚ್ಚುವುದು ಅಂಗಿಯ ಮೇಲೆ ಅಂಗಿ ತೊಟ್ಟ ಹಾಗೆ. ‘ವೈವಿಧ್ಯತೆ’ಯದೂ ಇದೇ ಕಥೆ, ಪತ್ರಿಕೆಗಳಲ್ಲಿ ದಿನವೂ ಕಂಡರೂ ಸರಿ.

‘ಇಕ’ ಸೇರಿದಾಗ ಮೂಲದ ಮೊದಲ ಸ್ವರ ಹಿಗ್ಗುತ್ತದೆ: ಇತಿಹಾಸದ ‘ಇ’ ‘ಐ’ ಆಯಿತು, ಜಗತ್ತಿನ ‘ಜ’ ‘ಜಾ’ ಆಯಿತು. ಕಾಲದ ‘ಕಾ’ ಮೊದಲೇ ದೀರ್ಘ, ಆದ್ದರಿಂದ ವ್ಯತ್ಯಾಸ ಕಾಣಲಿಲ್ಲ. ಕೊಟ್ಟ ಪದದ ತಲೆಗೂ ಬಾಲಕ್ಕೂ ಪ್ರತ್ಯಯ ಹತ್ತಿದ್ದು ಈ ಹಾಳೆಯಲ್ಲಿ ‘ಅಕಾಲಿಕ’ ಒಂದಕ್ಕೆ ಮಾತ್ರ. ಅದನ್ನು ಸ್ವಂತವಾಗಿ ಗುರುತಿಸಿದವರು ಪಕ್ಕದಲ್ಲಿ ಒಂದು ನಕ್ಷತ್ರ ಹಾಕಿಕೊಳ್ಳಿ.

ಕೊನೆಯದಕ್ಕೆ ‘ನಿಧಾನಕ್ಕೆ’ ಎಂದು ಬರೆದಿದ್ದರೆ ತಪ್ಪು ಹಾಕಬೇಡಿ. ‘ಕ್ಕೆ’ ವಿಭಕ್ತಿ ಪ್ರತ್ಯಯವೇ ಹೌದು, ಆದರೆ ಇಲ್ಲಿ ‘ಆಗಿ’ ಮಾಡುವ ಕೆಲಸವನ್ನೇ ಮಾಡುತ್ತದೆ. ಕಣದಲ್ಲಿ ಕಾಫಿ ಹರಡುವವರು ಹೇಳುವುದೂ ಹಾಗೆಯೇ.