ಒಮ್ಮೆ ಹಣ ಕೊಟ್ಟು ಕೊಂಡ ಲೈಫ್‌ಟೈಮ್ ಪ್ಲಾನ್ ಮತ್ತೆ ಚಾಲೂ ಮಾಡಿಕೊಡಲು ಕೋರಿ

ಚಿಕ್ಕಮಗಳೂರು
8 ಡಿಸೆಂಬರ್ 2025

ಗೆ,
ದೂರು ಪರಿಹಾರ ಅಧಿಕಾರಿಯವರಿಗೆ

ವಿಷಯ: 14 ಜೂನ್ 2022ರಂದು ₹2,499 ಕೊಟ್ಟು ಕೊಂಡ ನಿಮ್ಮ ಮಕ್ಕಳ ಕಥೆ ಆ್ಯಪ್‌ನ ಲೈಫ್‌ಟೈಮ್ ಪ್ಲಾನ್ ರದ್ದು ಮಾಡಿರುವುದು. ನೋಂದಾಯಿತ ಮೊಬೈಲ್ ಸಂಖ್ಯೆಯ ಕೊನೆಯ ನಾಲ್ಕು ಅಂಕೆ 4417.

ಮಾನ್ಯರೇ,

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ನನಗೆ ಇಬ್ಬರು ಮಕ್ಕಳು. ನಿಮ್ಮ ಮಕ್ಕಳ ಕಥೆ ಆ್ಯಪ್ ಕೊಂಡಾಗ ಮಗಳಿಗೆ ನಾಲ್ಕು ವರ್ಷ, ಮಗನಿಗೆ ಎಂಟು ತಿಂಗಳು. ಆಗ ನಿಮ್ಮಲ್ಲಿ ಎರಡು ಪ್ಲಾನ್ ಇದ್ದವು. ವರ್ಷಕ್ಕೆ ₹799 ಕಟ್ಟುವುದು ಒಂದು, ಒಂದೇ ಸಲ ₹2,499 ಕಟ್ಟುವುದು ಇನ್ನೊಂದು. ಎರಡನೆಯದರ ಕೆಳಗೆ ‘ಒಮ್ಮೆ ಕೊಡಿ, ಸದಾ ನಿಮ್ಮದು’ ಎಂದು ಬರೆದಿತ್ತು. ಆ ಪುಟದ ಸ್ಕ್ರೀನ್‌ಶಾಟ್ ಮತ್ತು ನೀವು ಕಳಿಸಿದ ಇಮೇಲ್ ರಸೀದಿ ಎರಡನ್ನೂ ಇದರ ಜೊತೆ ಇಟ್ಟಿದ್ದೇನೆ.

₹2,499 ನನಗೆ ಸಣ್ಣ ದುಡ್ಡಲ್ಲ. ಎರಡು ದಿನ ಯೋಚನೆ ಮಾಡಿಯೇ ಕಟ್ಟಿದೆ. ಮಗಳಿಗೆ ಒಬ್ಬಳಿಗೇ ಆಗಿದ್ದರೆ ವರ್ಷದ ಪ್ಲಾನೇ ಸಾಕಿತ್ತು. ಅವಳು ಓದಲು ಕಲಿತು ಮುಗಿಸುವ ಹೊತ್ತಿಗೆ ತಮ್ಮ ಶುರು ಮಾಡುತ್ತಾನೆ, ಇಬ್ಬರಿಗೂ ಆಗಲಿ ಎಂದು ಜಾಸ್ತಿ ಕೊಟ್ಟು ಕೊಂಡೆ. ಈಗ ಅವನಿಗೆ ನಾಲ್ಕು ವರ್ಷ. ‘ಅ ಆ’ ತಿದ್ದಲು ಹೊರಟಿದ್ದಾನೆ. ಸರಿಯಾಗಿ ಈಗಲೇ ನೀವು ಬಾಗಿಲು ಹಾಕಿದ್ದೀರಿ.

ನವೆಂಬರ್ 3ರಂದು ಆ್ಯಪ್ ಅಪ್‌ಡೇಟ್ ಆಯಿತು. ಆಮೇಲೆ ತೆರೆದರೆ, ಲೈಫ್‌ಟೈಮ್ ಪ್ಲಾನ್ ಇನ್ನು ಇಲ್ಲ, ತಿಂಗಳಿಗೆ ₹249 ಅಥವಾ ವರ್ಷಕ್ಕೆ ₹1,999 ಕಟ್ಟಿ ಎಂದು ಬರುತ್ತದೆ. ಮೊದಲೇ ಒಂದು ಮೆಸೇಜ್ ಇಲ್ಲ, ಇಮೇಲ್ ಇಲ್ಲ. ಡೌನ್‌ಲೋಡ್ ಮಾಡಿಟ್ಟಿದ್ದ ಕಥೆಗಳೂ ತೆರೆಯುವುದಿಲ್ಲ. ನನ್ನ ತವರು ಕೊಟ್ಟಿಗೆಹಾರದ ಹತ್ತಿರ. ಅಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ಮಕ್ಕಳು ಅಜ್ಜಿ ಮನೆಗೆ ಹೋದಾಗ ಬೇಕಾಗುತ್ತದೆ ಎಂದೇ ಡೌನ್‌ಲೋಡ್ ಸೌಲಭ್ಯ ಇರುವ ನಿಮ್ಮ ಆ್ಯಪ್ ಆರಿಸಿದ್ದೆ.

ಇದಕ್ಕಿಂತ ನೋವಾಗಿದ್ದು ಬೇರೆ. ನಿಮ್ಮ ಆ್ಯಪ್‌ನಲ್ಲಿ ತಾಯಿ ತನ್ನ ದನಿಯಲ್ಲೇ ಕಥೆ ಹೇಳಿ ರೆಕಾರ್ಡ್ ಮಾಡಿಡಬಹುದು. ಡಿಸೆಂಬರ್‌ನಿಂದ ಏಪ್ರಿಲ್ ತನಕ ನಮ್ಮಲ್ಲಿ ಸೀಸನ್. ತೋಟಗಳಿಂದ ಲೋಡ್ ಬರುತ್ತಲೇ ಇರುತ್ತದೆ. ನಾನು ಮನೆ ಸೇರುವಾಗ ರಾತ್ರಿ ಎಂಟೂವರೆ. ಅಷ್ಟರಲ್ಲಿ ಮಗ ಮಲಗಿರುತ್ತಾನೆ. ಹಾಗಾಗಿ ಭಾನುವಾರಗಳಂದು ಕೂತು ಇಪ್ಪತ್ತಮೂರು ಕಥೆ ರೆಕಾರ್ಡ್ ಮಾಡಿದ್ದೆ. ಕಾಗಕ್ಕ ಗುಬ್ಬಕ್ಕನ ಕಥೆಯಲ್ಲಿ ಮಧ್ಯೆ ಮಧ್ಯೆ ಮಗಳು ‘ಆಮೇಲೆ? ಆಮೇಲೆ?’ ಎಂದು ಕೇಳುವುದೂ ಇದೆ. ಆಗ ಅವಳಿಗೆ ‘ರ’ ಹೇಳಲು ಬರುತ್ತಿರಲಿಲ್ಲ. ನಾನಿಲ್ಲದ ರಾತ್ರಿಗಳಲ್ಲಿ ಮಗ ಅದನ್ನು ಕೇಳಿಕೊಂಡೇ ನಿದ್ದೆ ಹೋಗುತ್ತಿದ್ದ. ಈಗ ಆ ಇಪ್ಪತ್ತಮೂರರ ಮೇಲೂ ಬೀಗದ ಗುರುತು ಬಂದಿದೆ. ಆ ಕಥೆಗಳನ್ನು ನೀವು ಮಾಡಿದ್ದಲ್ಲ. ದನಿ ನನ್ನದು, ನನ್ನ ಮಗಳದ್ದು. ನಮ್ಮ ದನಿ ನಾವು ಕೇಳಲು ನಿಮಗೆ ಯಾಕೆ ತಿಂಗಳು ತಿಂಗಳು ದುಡ್ಡು ಕೊಡಬೇಕು?

ನವೆಂಬರ್ 5ರಂದು ದೂರು ಬರೆದೆ. 12ರಂದು ಉತ್ತರ ಬಂತು. ‘ಲೈಫ್‌ಟೈಮ್ ಎಂದರೆ ಗ್ರಾಹಕರ ಜೀವಮಾನ ಅಲ್ಲ, ಪ್ರಾಡಕ್ಟ್‌ನ ಜೀವಮಾನ’ ಎಂದು ಅದರಲ್ಲಿತ್ತು. ನೀವು ಹೇಳಿದ ಅರ್ಥವನ್ನೇ ಒಪ್ಪಿಕೊಳ್ಳೋಣ. ಪ್ರಾಡಕ್ಟ್ ಸತ್ತಿಲ್ಲವಲ್ಲ. ಅದೇ ಹೆಸರು, ಅದೇ ಚಿತ್ರ, ಅದೇ ಕಥೆಗಳು. ಇವತ್ತೂ ಅದನ್ನು ಹೊಸಬರಿಗೆ ಮಾರುತ್ತಿದ್ದೀರಿ. ಕಂಪನಿ ಮುಚ್ಚಿ ಹೋಗಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ. ನಷ್ಟ ಆಯಿತು ಎಂದು ಸುಮ್ಮನಾಗುತ್ತಿದ್ದೆ.

ಆಮೇಲೆ ಫೋನಿನಲ್ಲಿ ಮಾತಾಡಿದ ನಿಮ್ಮ ಕಸ್ಟಮರ್ ಕೇರ್‌ನ ಹುಡುಗಿ, ‘ಮೂರು ವರ್ಷ ಬಳಸಿದ್ದೀರಲ್ಲ ಮೇಡಂ, ಹಾಕಿದ ದುಡ್ಡು ಬಂದಿದೆ’ ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಹೇಳಿಕೊಟ್ಟಿದ್ದನ್ನು ಹೇಳಿದಳು. ಆದರೆ ಆ ಲೆಕ್ಕ ತಪ್ಪು. ಮೂರು ವರ್ಷಕ್ಕೆ ₹799ರಂತೆ ₹2,397 ಆಗುತ್ತದೆ. ಅಂದರೆ ಅಷ್ಟು ದಿನ ನಾನು ವರ್ಷದ ಪ್ಲಾನಿನವರಿಗಿಂತ ಜಾಸ್ತಿಯೇ ಕೊಟ್ಟಿದ್ದೆ, ಅದೂ ಮುಂಗಡವಾಗಿ. ನಾಲ್ಕನೇ ವರ್ಷದಿಂದ ನನಗೆ ಉಳಿತಾಯ ಶುರುವಾಗಬೇಕಿತ್ತು.

ವರ್ಷಕ್ಕೆ ₹1,999ರ ಬದಲು ₹1,199 ಕೊಟ್ಟರೆ ಸಾಕು ಎಂದೂ ಹೇಳಿದ್ದೀರಿ. ಆಗಲೇ ಕೊಂಡಿರುವ ವಸ್ತುವಿಗೆ ನನಗೆ ರಿಯಾಯಿತಿ ಬೇಡ. ಮನೆಯನ್ನು ಕ್ರಯಕ್ಕೆ ಕೊಟ್ಟವರು ಮೂರು ವರ್ಷ ಬಿಟ್ಟು ಬಂದು, ಬಾಡಿಗೆ ಕಡಿಮೆ ಮಾಡಿಕೊಡುತ್ತೇವೆ ಅಂದರೆ ಯಾರಾದರೂ ಒಪ್ಪುತ್ತಾರಾ?

ಸರ್ವರ್‌ಗೆ, ಸಂಬಳಕ್ಕೆ ಖರ್ಚಿದೆ ಎನ್ನುವುದು ನನಗೂ ಗೊತ್ತು. ದಿನವೂ ಲೆಕ್ಕ ಬರೆಯುವವಳು ನಾನು. ಹೊಸ ಕಥೆ, ಹೊಸ ಆಟ ಸೇರಿಸಿದರೆ ಅದಕ್ಕೆ ಬೇರೆ ದುಡ್ಡು ಕೇಳಿ. ಹೊಸ ಗ್ರಾಹಕರಿಗೆ ಸಬ್‌ಸ್ಕ್ರಿಪ್ಷನ್ ಮಾತ್ರ ಇಡಿ. ಅದು ನಿಮ್ಮ ಇಷ್ಟ. ಆದರೆ ಬರೆದುಕೊಟ್ಟ ರಸೀದಿ ನಿಲ್ಲಬೇಕು ಅಲ್ವಾ? ನಮ್ಮಲ್ಲಿ ಬೆಳೆಗಾರರು ಮೂಟೆ ಇಳಿಸಿದರೆ ತೂಕ ಹಾಕಿ ರಸೀದಿ ಕೊಡುತ್ತೇವೆ. ಮಾರನೇ ದಿನ ರೇಟು ಎಷ್ಟೇ ಏರಲಿ ಇಳಿಯಲಿ, ಆ ರಸೀದಿಯಲ್ಲಿ ಒಂದು ಅಂಕಿಯನ್ನೂ ತಿದ್ದುವ ಹಾಗಿಲ್ಲ. ತಿದ್ದಿದರೆ ಮುಂದಿನ ಸೀಸನ್‌ಗೆ ಒಬ್ಬರೂ ನಮ್ಮ ಗೇಟಿನ ಹತ್ತಿರ ಬರುವುದಿಲ್ಲ.

ನಾನು ಕೇಳುವುದು ಇಷ್ಟು. ನನ್ನ ಖಾತೆಯಲ್ಲಿ, ಇಬ್ಬರು ಮಕ್ಕಳ ಪ್ರೊಫೈಲ್‌ಗೂ, 2022ರಲ್ಲಿ ಕೊಟ್ಟಿದ್ದ ಸೌಲಭ್ಯವನ್ನೆಲ್ಲ ಮೊದಲಿನಂತೆ ಕೊಡಿ, ಡೌನ್‌ಲೋಡ್ ಸಮೇತ. ಮುಂದೆ ಮತ್ತೆ ರದ್ದು ಮಾಡುವುದಿಲ್ಲ ಎಂದು ಬರೆದುಕೊಡಿ. ನನ್ನ ರೆಕಾರ್ಡಿಂಗ್‌ಗಳನ್ನಂತೂ ಈ ವಿಚಾರ ತೀರ್ಮಾನ ಆಗುವವರೆಗೆ ಕಾಯಿಸದೆ, ಈ ವಾರವೇ ಆಡಿಯೋ ಫೈಲ್‌ಗಳಾಗಿ ಕಳಿಸಿ. ಹಣ ವಾಪಸ್ ಕೊಡುತ್ತೇವೆ ಎಂದರೂ ನನಗೆ ಅದು ಬೇಡ. ಆ ದುಡ್ಡಿಗೆ ಈಗ ಎಲ್ಲೂ ಇಂಥ ಪ್ಲಾನ್ ಸಿಗುವುದಿಲ್ಲ.

ಗ್ರಾಹಕ ಸಂರಕ್ಷಣೆಯ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನನ್ನ ಮೊದಲ ದೂರಿಗೆ ಮೊದಲ ಉತ್ತರ ಬಂದಿದ್ದೇ ಏಳನೇ ದಿನ. ತಿಂಗಳೂ ಕಳೆದಿದೆ. ಆದರೂ ಡಿಸೆಂಬರ್ 23ರ ತನಕ ಕಾಯುತ್ತೇನೆ. ಅಷ್ಟರೊಳಗೆ ಸರಿಯಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆಯಲ್ಲಿ ಗ್ರಾಹಕರು ತಾವಿರುವ ಊರಿನಲ್ಲೇ ದೂರು ಹಾಕಬಹುದು. ಐದು ಲಕ್ಷದವರೆಗೆ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಸೀಸನ್ ಮಧ್ಯೆ ರಜೆ ಹಾಕಿ ಅಲೆಯುವುದು ನನಗೂ ಕಷ್ಟ. ಅಲ್ಲಿಯವರೆಗೆ ಹೋಗದ ಹಾಗೆ ನೀವೇ ಇದನ್ನು ಸರಿಪಡಿಸಿದರೆ ನಿಜವಾಗಿಯೂ ಸಂತೋಷವಾಗುತ್ತದೆ. ಆ್ಯಪ್ ಚೆನ್ನಾಗಿದೆ, ಮಗಳು ಕನ್ನಡ ಓದಲು ಕಲಿತಿದ್ದು ಅದರಲ್ಲೇ.

ಉತ್ತರವನ್ನು ಇಮೇಲ್‌ನಲ್ಲಿ ಬರೆದು ಕಳಿಸಿ. ಫೋನ್ ಮಾಡುವುದಾದರೆ ಮಧ್ಯಾಹ್ನ ಒಂದೂವರೆಯಿಂದ ಎರಡರ ನಡುವೆ ಮಾಡಿ. ಬೇರೆ ಹೊತ್ತಿನಲ್ಲಿ ಕೆಲಸ ಬಿಟ್ಟು ತೆಗೆಯಲು ಆಗುವುದಿಲ್ಲ.

ಇಂತಿ,
ಸವಿತಾ
ಚಿಕ್ಕಮಗಳೂರು

ಜೊತೆಗೆ: 2022ರ ರಸೀದಿ, ಪ್ಲಾನ್ ಪುಟದ ಸ್ಕ್ರೀನ್‌ಶಾಟ್, ನವೆಂಬರ್ 5ರ ದೂರು, ನವೆಂಬರ್ 12ರ ನಿಮ್ಮ ಉತ್ತರ