ಅಡುಗೆಮನೆಯ ಬಿಳಿ ಡಬ್ಬಿ ಬಗ್ಗೆ

ಅಮ್ಮಾ,

ಅಡುಗೆಮನೆ ಬಾಗಿಲ ಮೇಲೆ ಮೊನ್ನೆ ಅಂಟಿಸಿ ಬಂದ ಬಿಳಿ ಡಬ್ಬಿ ನೋಡಿ ನಿನಗೆ ಕಿರಿಕಿರಿ ಆಗಿದೆ ಅಂತ ಅಣ್ಣ ಹೇಳಿದ. ಅದು ಕ್ಯಾಮೆರಾ ಅಲ್ಲ. ಒಳಗೆ ಮೈಕೂ ಇಲ್ಲ. ನೀನು ದೊಡ್ಡತ್ತೆ ಜೊತೆ ಫೋನಿನಲ್ಲಿ ನನ್ನನ್ನು ಬೈದರೂ ಅದಕ್ಕೆ ಕೇಳಿಸುವುದಿಲ್ಲ.

ಮೈಯ ಬಿಸಿ ಅದರ ಮುಂದೆ ಹಾದುಹೋದರೆ ಅದಕ್ಕೆ ಗೊತ್ತಾಗುತ್ತದೆ, ಅಷ್ಟೇ. ಯಾರು ಅಂತಲೂ ತಿಳಿಯದು. ಬೆಕ್ಕು ಓಡಾಡಿದರೂ ನೀನೇ ಅಂದುಕೊಳ್ಳಬಹುದು! ಬೆಳಿಗ್ಗೆ 5ರಿಂದ 8ರವರೆಗೆ ಒಂದು ಸಲವೂ ಓಡಾಟ ಕಾಣದಿದ್ದರೆ ನನಗೂ ಅಣ್ಣನಿಗೂ ಮೆಸೇಜು ಬರುತ್ತದೆ. ಆಗ ನಾನು ಫೋನ್ ಮಾಡುತ್ತೇನೆ. ನೀನು ಎತ್ತದಿದ್ದರೆ ಎದುರುಮನೆ ಅಕ್ಕನಿಗೆ ಹೇಳುತ್ತೇನೆ. ಡಬ್ಬಿ ತಾನಾಗಿ ಅವರಿಗಾಗಲಿ ಆಂಬುಲೆನ್ಸಿಗಾಗಲಿ ಫೋನ್ ಮಾಡುವುದಿಲ್ಲ.

ಕರೆಂಟು, ಇಂಟರ್ನೆಟ್ಟು ಹೋಗಿ ಅರ್ಧ ಗಂಟೆ ಅದರಿಂದ ಸುದ್ದಿ ಬರದಿದ್ದರೂ ನನಗೆ ತಿಳಿಯುತ್ತದೆ. ನಮ್ಮ ಸಾಗರದ ಮಳೆಗಾಲದಲ್ಲಿ ಇದು ದಿನಾ ಆಗುವ ಕಥೆ, ಅಲ್ವಾ? ಹಾಗಾಗಿ ಸುಮ್ನೆ ಎರಡು ಸಲ ಜಾಸ್ತಿ ಫೋನ್ ಬಂದರೆ ಗಾಬರಿ ಆಗಬೇಡ.

ಒಂದು ಮುಖ್ಯ ಮಾತು. ನೀನು ಬಚ್ಚಲಲ್ಲಿ ಜಾರಿದರೆ ಇದಕ್ಕೆ ಗೊತ್ತಾಗದು. ಮಧ್ಯಾಹ್ನ, ರಾತ್ರಿ ಇದು ಲೆಕ್ಕ ಇಡುವುದೇ ಇಲ್ಲ. ಅದಕ್ಕೇ ಮೊಬೈಲನ್ನು ದೇವರ ಗೂಡಿನಲ್ಲಿ ಬಿಡದೆ ಸೊಂಟದ ಚೀಲದಲ್ಲೇ ಇಟ್ಟುಕೋ.

ಶಿರಸಿಗೆ ಹೋಗುವಾಗ ಹಿಂದಿನ ದಿನವೇ ಹೇಳು, ನಿಲ್ಲಿಸಿಡುತ್ತೇನೆ. ಬೇಡವೇ ಬೇಡ ಅನ್ನಿಸಿದರೆ ಪ್ಲಗ್ ಕಿತ್ತು ನನಗೊಂದು ಮಾತು ತಿಳಿಸು. ನಾನು ಬೇಜಾರು ಮಾಡಿಕೊಳ್ಳಲ್ಲ.

ನಿನ್ನ ಮಗಳು