ಟಿಕೆಟ್ 78214 ಮತ್ತೆ ತೆರೆಯಿರಿ: ತಪ್ಪು ಜಿಆರ್‌ನಿಂದ ಸ್ಟಾಕಿನಲ್ಲಿ ಇಲ್ಲದ 3,96,000 ಬೋಲ್ಟ್

ಗೆ: ಇಆರ್‌ಪಿ ಹೆಲ್ಪ್‌ಡೆಸ್ಕ್
ಪ್ರತಿ: ಪ್ಲಾನಿಂಗ್, ಖರೀದಿ ವಿಭಾಗ, ಅಕೌಂಟ್ಸ್
ದಿನಾಂಕ: ಆಗಸ್ಟ್ 29, ಬೆಳಿಗ್ಗೆ 8:20

ಹೆಲ್ಪ್‌ಡೆಸ್ಕ್ ತಂಡದವರಿಗೆ ನಮಸ್ಕಾರ,

ಮೊನ್ನೆ 27ರ ಸಂಜೆ ನಾನು ಹಾಕಿದ ಟಿಕೆಟ್ 78214 ನಿನ್ನೆ ಸಂಜೆ ಮುಚ್ಚಿಹೋಗಿದೆ. "ಬಳಕೆದಾರರ ತಪ್ಪು. ಫಿಸಿಕಲ್ ಕೌಂಟ್ ಹಾಕಿ ಸರಿ ಮಾಡಿಕೊಳ್ಳಿ" ಅಂತ ಒಂದೇ ಸಾಲಿನ ಉತ್ತರ ಬಂದಿದೆ. ತಪ್ಪು ನಮ್ಮದೇ, ಅದರಲ್ಲಿ ವಾದ ಇಲ್ಲ. ಆದರೆ ಸಮಸ್ಯೆ ಹಾಗೇ ಇದೆ. ಅಷ್ಟೇ ಅಲ್ಲ, ನಿಮ್ಮ ಕಡೆಯಿಂದ ಆದ ಒಂದು ಕೆಲಸದಿಂದ ನಿನ್ನೆ ಬೆಳಿಗ್ಗೆಯಿಂದ ಈ ಬೋಲ್ಟನ್ನು ಸಿಸ್ಟಂನಲ್ಲಿ ಇಶ್ಯೂ ಮಾಡಲೂ ಆಗುತ್ತಿಲ್ಲ. ಆದ್ದರಿಂದ ಟಿಕೆಟ್ ಮತ್ತೆ ತೆರೆಯಬೇಕು, ಇವತ್ತೇ ಮುಗಿಸಬೇಕು. ನಾಡಿದ್ದು 31ಕ್ಕೆ ತಿಂಗಳ ಲೆಕ್ಕ ಮುಚ್ಚುತ್ತದೆ.

ಏನಾಯಿತು ಅಂತ ಮೊದಲಿನಿಂದ ಹೇಳುತ್ತೇನೆ. ಟಿಕೆಟ್ ನೋಡಿದವರು ಪೂರ್ತಿ ಓದಿದ ಹಾಗೆ ಕಾಣಲಿಲ್ಲ.

ಮೆಟೀರಿಯಲ್ 10002451, M10×50 ಹೆಕ್ಸ್ ಬೋಲ್ಟ್. ಪರ್ಚೇಸ್ ಆರ್ಡರ್ 4500017832, ಸಾಲು 10. ಆರ್ಡರ್ ಇರುವುದು 40 ಬಾಕ್ಸಿಗೆ, ಒಂದು ಬಾಕ್ಸಿಗೆ 100 ಬೋಲ್ಟ್. ಅಂದರೆ 4,000 ಬೋಲ್ಟ್. 25ರ ರಾತ್ರಿ ಎರಡನೇ ಶಿಫ್ಟಿನಲ್ಲಿ ಲಾರಿ ಬಂತು. 40 ಬಾಕ್ಸ್ ಸರಿಯಾಗಿ ಇಳಿದವು, ಎಣಿಕೆ ಸರಿ ಇತ್ತು, ಸೀಲ್ ಸರಿ ಇತ್ತು. ಸಪ್ಲೈಯರ್ ಕೊಟ್ಟ ಡೆಲಿವರಿ ಚಲನ್‌ನಲ್ಲಿ ಮಾತ್ರ ಪ್ರಮಾಣವನ್ನು ಬಾಕ್ಸಿನಲ್ಲಿ ಬರೆಯದೆ 4,000 ನಗ ಅಂತ ಬರೆದಿದ್ದರು. ಕೆಲಸಕ್ಕೆ ಸೇರಿ ಮೂರು ವಾರವಾದ ನಮ್ಮ ಹುಡುಗ MIGOದಲ್ಲಿ ಚಲನ್ ನೋಡಿ 4000 ಅಂತ ಟೈಪ್ ಮಾಡಿದ. ಪಕ್ಕದ ಯೂನಿಟ್ ಕಾಲಂನಲ್ಲಿ BOX ಇತ್ತು. ಅವನು ಅದನ್ನು ನೋಡಲಿಲ್ಲ. ಪೋಸ್ಟ್ ಆಯಿತು. 4,000 ಬಾಕ್ಸ್, ಅಂದರೆ ನಾಲ್ಕು ಲಕ್ಷ ಬೋಲ್ಟ್.

40 ಬಾಕ್ಸಿನ ಆರ್ಡರ್‌ಗೆ 4,000 ಬಾಕ್ಸ್ ತಗೊಂಡರೂ ಸಿಸ್ಟಂ ಒಂದು ಮಾತು ಕೇಳಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

MB51ರಲ್ಲಿ ಈಗ ಕಾಣುವುದು ಇಷ್ಟು:

```
25.08  101  5000043187   +4,00,000 PC  (4,000 BOX)
26.08  261  4900118640         -900 PC
27.08  261  4900118702         -850 PC
```

25ರ ಜಿಆರ್‌ಗೆ ಮೊದಲು ಸ್ಟಾಕ್ 1,150 ಇತ್ತು. ಹಾಗಾಗಿ ಸಿಸ್ಟಂ ಪ್ರಕಾರ ಈಗ 3,99,400 ಬೋಲ್ಟ್ ಇರಬೇಕು. 27ರ ಸಂಜೆ ನಾನೇ ನಿಂತು ಎಣಿಸಿದೆ, ಒಮ್ಮೆ ನಾನು, ಒಮ್ಮೆ ಇನ್ನೊಬ್ಬರು. ಸಿಕ್ಕಿದ್ದು 33 ತುಂಬಿದ ಬಾಕ್ಸ್, ಜೊತೆಗೆ 100 ಬಿಡಿ ಬೋಲ್ಟ್. ಒಟ್ಟು 3,400. ವ್ಯತ್ಯಾಸ 3,96,000. ಇದನ್ನು 100ರಿಂದ ಭಾಗಿಸಿದರೆ ಸರಿಯಾಗಿ 3,960 ಬಾಕ್ಸ್, ಅಂದರೆ 4,000ದಲ್ಲಿ 40 ಕಳೆದದ್ದು. ಕಳ್ಳತನವೂ ಅಲ್ಲ, ಎಣಿಕೆಯ ತಪ್ಪೂ ಅಲ್ಲ, ಬರೀ ಯೂನಿಟ್ ತಪ್ಪು. ನಮ್ಮ ಗೋದಾಮಿನ ರ‍್ಯಾಕ್‌ಗಳನ್ನೆಲ್ಲ ಖಾಲಿ ಮಾಡಿ ಬೋಲ್ಟ್ ಮಾತ್ರ ತುಂಬಿದರೂ 3,960 ಬಾಕ್ಸ್ ಹಿಡಿಸುವುದಿಲ್ಲ. ಬೇಕಾದರೆ ಬಂದು ನೋಡಿ.

ಈಗ ನೀವು ಹೇಳಿದ ದಾರಿಯ ಬಗ್ಗೆ. ಕೌಂಟ್ ಹಾಕಿ 3,96,000 ಕಡಿಮೆ ತೋರಿಸಿದರೆ ಸಿಸ್ಟಂ 702 ಪೋಸ್ಟ್ ಮಾಡುತ್ತದೆ. MMBEಯಲ್ಲಿ ಸ್ಟಾಕ್ ಸರಿಯಾಗಿ ಕಾಣುತ್ತದೆ, ನಿಜ. ಆದರೆ ಪರ್ಚೇಸ್ ಆರ್ಡರ್ ಹಿಸ್ಟರಿಯಲ್ಲಿ 4,000 ಬಾಕ್ಸ್ ಬಂದಿದೆ ಅಂತಲೇ ಉಳಿಯುತ್ತದೆ. ಸಪ್ಲೈಯರ್ 40 ಬಾಕ್ಸಿಗೆ ಬಿಲ್ ಕಳಿಸುತ್ತಾನೆ. ಉಳಿದ 3,960 ಬಾಕ್ಸಿನ ಮೊತ್ತ ಜಿಆರ್-ಐಆರ್ ಖಾತೆಯಲ್ಲಿ ನೇತಾಡುತ್ತಲೇ ಇರುತ್ತದೆ. ಇನ್ನೊಂದು ಕಡೆ, ಎಂದೂ ಕೈಗೆ ಬರದ ಬೋಲ್ಟುಗಳು "ಗೋದಾಮಿನಲ್ಲಿ ಕಳೆದುಹೋದ ಸ್ಟಾಕ್" ಅಂತ ನಷ್ಟಕ್ಕೆ ಬರೆಯಲ್ಪಡುತ್ತವೆ. ಆಡಿಟ್ ಬಂದಾಗ ಆ ನಷ್ಟಕ್ಕೆ ಉತ್ತರ ಕೊಡಬೇಕಾದವನು ನಾನು, ಅಲ್ವಾ? ಅದಕ್ಕೆ ನಾನು ಸಹಿ ಹಾಕುವುದಿಲ್ಲ. ತಪ್ಪಾದದ್ದು ಜಿಆರ್, ಸರಿಯಾಗಬೇಕಾದ್ದೂ ಜಿಆರ್.

ನಿಮ್ಮವರು 102 ಪ್ರಯತ್ನ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. 28ರ ಬೆಳಿಗ್ಗೆ ಮಾಡಿದ್ದಾರೆ, ಸ್ಟಾಕ್ 600 ಕಡಿಮೆ ಬೀಳುತ್ತದೆ ಅಂತ ಎರರ್ ಬಂದಿದೆ, ಅಲ್ಲಿಗೆ ಬಿಟ್ಟಿದ್ದಾರೆ. ಎರರ್ ಬರುವುದು ಸಹಜ. ನಾಲ್ಕು ಲಕ್ಷ ವಾಪಸ್ ತೆಗೆಯಬೇಕು, ಆದರೆ ಸ್ಟಾಕಿನಲ್ಲಿ ಇರುವುದು 3,99,400. ಎರಡು ದಿನದಲ್ಲಿ ಪ್ರೊಡಕ್ಷನ್‌ಗೆ 1,750 ಹೋಗಿದೆಯಲ್ಲ, ಹಳೆಯ 1,150 ಕಳೆದರೆ ಹೊಸ ಸ್ಟಾಕಿನಿಂದ 600 ಹೋದಂತಾಯಿತು. ಅದೇ 600.

ಇದಕ್ಕೆ ಸುಲಭದ ದಾರಿ ಇದೆ. ಮೊದಲು ಸರಿಯಾದ ಜಿಆರ್ ಹಾಕಬೇಕು, ಆಮೇಲೆ ತಪ್ಪು ಜಿಆರ್ ತೆಗೆಯಬೇಕು. ಅದೇ ಆರ್ಡರ್ ಸಾಲಿಗೆ 40 BOX 101 ಹಾಕಿದರೆ ಸ್ಟಾಕ್ 4,03,400 ಆಗುತ್ತದೆ. ಆಗ 5000043187ಕ್ಕೆ 102 ಹಾಕಿದರೆ ನಾಲ್ಕು ಲಕ್ಷ ಹೋಗಿ ಉಳಿಯುವುದು 3,400. ನಾನು ಎಣಿಸಿದ್ದೂ 3,400. ಇಶ್ಯೂ ಮಾಡಿದ ಎರಡು ಡಾಕ್ಯುಮೆಂಟ್ ಮುಟ್ಟುವ ಅಗತ್ಯವೇ ಇಲ್ಲ.

ಆದರೆ ಈಗ ಇದೂ ಆಗುವುದಿಲ್ಲ. 102 ಆಗದಿದ್ದಾಗ ನಿಮ್ಮವರು MI01ರಲ್ಲಿ ಈ ಮೆಟೀರಿಯಲ್‌ಗೆ ಕೌಂಟ್ ಡಾಕ್ಯುಮೆಂಟ್ ಮಾಡಿದ್ದಾರೆ, ಅದರಲ್ಲಿ ಪೋಸ್ಟಿಂಗ್ ಬ್ಲಾಕ್ ಟಿಕ್ ಹಾಕಿದ್ದಾರೆ. ನಮಗೆ ಒಂದು ಮಾತು ಹೇಳಿಲ್ಲ. ಅಲ್ಲಿಂದ ಈ ಬೋಲ್ಟಿನ ಯಾವ ಪೋಸ್ಟಿಂಗೂ ಆಗುತ್ತಿಲ್ಲ, 101 ಇಲ್ಲ, 102 ಇಲ್ಲ, 261 ಇಲ್ಲ. ಲೈನ್ ನಿಲ್ಲಿಸಲು ಆಗುತ್ತದೆಯೇ? ನಿನ್ನೆಯಿಂದ ಚೀಟಿ ಬರೆದು ಮಾಲು ಕೊಡುತ್ತಿದ್ದೇವೆ. ನಿನ್ನೆ ಹೋದದ್ದು 800. ಇವತ್ತು ಬೆಳಿಗ್ಗೆ ರ‍್ಯಾಕಿನಲ್ಲಿ ನಿಜವಾಗಿ ಇರುವುದು 2,600. ಚೀಟಿಗಳು ನನ್ನ ಡ್ರಾಯರ್‌ನಲ್ಲಿವೆ, ಬ್ಲಾಕ್ ಹೋಗಿ 102 ಆದ ಮೇಲೆ ಎಂಟ್ರಿ ಹಾಕುತ್ತೇವೆ. ಕೌಂಟ್ ಡಾಕ್ಯುಮೆಂಟ್‌ನಲ್ಲಿ ಇನ್ನೂ ಎಣಿಕೆ ಹಾಕಿಲ್ಲ, ಹಾಗಾಗಿ MI02ರಲ್ಲಿ ಅದನ್ನು ಅಳಿಸಬಹುದು. ನಮ್ಮ ಲಾಗಿನ್‌ಗೆ ಆ ಅನುಮತಿ ಇಲ್ಲ. 102ರ ಅನುಮತಿಯನ್ನೂ ಕಳೆದ ಬಾರಿ ರೋಲ್ ಬದಲಾಯಿಸಿದಾಗ ನಮ್ಮಿಂದ ತೆಗೆದಿದ್ದೀರಿ. ಅದು ಇದ್ದಿದ್ದರೆ ಈ ಮೇಲ್ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಹಾಗಾಗಿ ಇವತ್ತು ಆಗಬೇಕಾದದ್ದು ಇದೇ ಕ್ರಮದಲ್ಲಿ: ನೀವು MI02ರಲ್ಲಿ ಆ ಡಾಕ್ಯುಮೆಂಟ್ ಅಳಿಸಿ. ತಕ್ಷಣ ನಾನು 40 BOXಗೆ 101 ಹಾಕುತ್ತೇನೆ. ನಂಬರ್ ಕೊಟ್ಟ ಮೇಲೆ ನೀವು 5000043187ನ್ನು MIGOದಲ್ಲಿ ಕ್ಯಾನ್ಸಲ್ ಮಾಡಿ, ಪೋಸ್ಟಿಂಗ್ ದಿನಾಂಕ ಆಗಸ್ಟ್ ಒಳಗೇ ಇರಲಿ. ಸೆಪ್ಟೆಂಬರ್‌ಗೆ ಹೋದರೆ ಆಗಸ್ಟ್ ಕೊನೆಯ ಸ್ಟಾಕ್ ಮೌಲ್ಯ 3,960 ಬಾಕ್ಸಿನಷ್ಟು ಉಬ್ಬಿಯೇ ಇರುತ್ತದೆ.

ಅಕೌಂಟ್ಸ್‌ನವರು ಪ್ರತಿಯಲ್ಲಿ ಇದ್ದಾರೆ, ಅವರಿಗೆ ಒಂದು ವಿನಂತಿ. ME23Nನಲ್ಲಿ ನೋಡಿದೆ, ಬಿಲ್ ಇನ್ನೂ ಬುಕ್ ಆಗಿಲ್ಲ. 102 ಆಗುವವರೆಗೆ ದಯವಿಟ್ಟು ಈ ಆರ್ಡರ್‌ನ ಬಿಲ್ ಹಾಕಬೇಡಿ. ತಪ್ಪು ಜಿಆರ್ ಮೇಲೆ ಬಿಲ್ ಕೂತರೆ ಮೊದಲು ಅದನ್ನು ತೆಗೆಯಬೇಕಾಗುತ್ತದೆ, ಕೆಲಸ ಎರಡಾಗುತ್ತದೆ.

ಪ್ಲಾನಿಂಗ್‌ನವರಿಗೆ ಇದರ ಪೆಟ್ಟು ಆಗಲೇ ಬಿದ್ದಿದೆ. 25ರ ರಾತ್ರಿ ಎಂಆರ್‌ಪಿ ಓಡಿದಾಗ ನಾಲ್ಕು ಲಕ್ಷ ಸ್ಟಾಕ್ ಕಂಡಿತು. ಮುಂದಿನ ಲಾಟ್‌ಗೆ ಇದ್ದ, ಇನ್ನೂ ಆರ್ಡರ್ ಆಗದ ಪರ್ಚೇಸ್ ರಿಕ್ವಿಸಿಷನ್ ಅಳಿಸಿಹೋಯಿತು. ಸಿಸ್ಟಂ ಲೆಕ್ಕದಲ್ಲಿ ಒಂದು ವರ್ಷಕ್ಕೆ ಸಾಕಾಗುವಷ್ಟು ಬೋಲ್ಟ್ ಇದೆ. ನಿಜದಲ್ಲಿ ದಿನಕ್ಕೆ ಸುಮಾರು 850 ಹೋಗುತ್ತದೆ, ಇರುವ 2,600 ಮೂರು ದಿನಕ್ಕೆ ಬರುತ್ತದೆ. ಈ ಸಪ್ಲೈಯರ್ ಮಾಲು ಕೊಡಲು ಎಂಟು ದಿನ ತೆಗೆದುಕೊಳ್ಳುತ್ತಾನೆ. ಖರೀದಿಯವರು ದಯವಿಟ್ಟು 102ಕ್ಕೆ ಕಾಯದೆ ಇವತ್ತೇ ಕೈಯಲ್ಲಿ ಒಂದು ತುರ್ತು ಆರ್ಡರ್ ಹಾಕಿ.

ಇನ್ನು ತಡೆ ಯಾಕೆ ಬರಲಿಲ್ಲ ಎಂಬ ವಿಷಯ. ಆರ್ಡರ್ ಸಾಲಿನ ಡೆಲಿವರಿ ಟ್ಯಾಬ್‌ನಲ್ಲಿ Unlimited ಟಿಕ್ ಇದೆ. ಅಂದರೆ ಎಷ್ಟು ಜಾಸ್ತಿ ಬಂದರೂ ತಗೋ ಅಂತ. ಖರೀದಿಯವರನ್ನು ಕೇಳಿದೆ, ಹಳೆಯ ಆರ್ಡರ್ ನಕಲು ಮಾಡಿದಾಗ ಅದೂ ಜೊತೆಗೆ ಬಂದಿದೆಯಂತೆ. ಬೋಲ್ಟಿಗೆ ಅದರ ಅಗತ್ಯವೇ ಇಲ್ಲ. ಆ ಟಿಕ್ ಇಲ್ಲದೆ ಶೇಕಡಾ 5 ಮಿತಿ ಇದ್ದಿದ್ದರೆ 42 ಬಾಕ್ಸ್ ದಾಟುತ್ತಲೇ ಹುಡುಗನನ್ನು ಸಿಸ್ಟಂ ತಡೆಯುತ್ತಿತ್ತು. ತೆಗೆದುಬಿಡಿ. ಆದರೆ ದಯವಿಟ್ಟು ಈಗಲೇ ಅಲ್ಲ. ಆರ್ಡರ್ ಆಗಲೇ ಪೂರ್ತಿಯಾಗಿದೆ ಅಂತ ಸಿಸ್ಟಂ ತಿಳಿದಿದೆ, ಇನ್ನೂ 40 ಬಾಕ್ಸ್ 101 ಹಾಕಲು ಬಿಡುವುದು ಅದೇ ಟಿಕ್. ನಮ್ಮನ್ನು ಗುಂಡಿಗೆ ತಳ್ಳಿದ್ದೂ ಅದೇ, ಮೇಲೆತ್ತಬೇಕಾದ್ದೂ ಅದೇ. 102 ಮುಗಿದ ಮೇಲೆ ತೆಗೆಯಿರಿ. ಇದೇ ಟಿಕ್ ಇರುವ ಬೇರೆ ತೆರೆದ ಆರ್ಡರ್‌ಗಳ ಪಟ್ಟಿಯನ್ನೂ ಖರೀದಿಯವರಿಗೆ ಕೊಡಿ. ಇದೊಂದೇ ಆರ್ಡರ್‌ನಲ್ಲಿ ಇದೆ ಅಂತ ನನಗೆ ಅನಿಸುವುದಿಲ್ಲ.

ನಮ್ಮ ಕಡೆ ಏನು ಮಾಡಿದ್ದೇವೆ ಅಂತಲೂ ಹೇಳಬೇಕು. ಚಲನ್ ನಗದಲ್ಲಿದ್ದು ಆರ್ಡರ್ ಬಾಕ್ಸಿನಲ್ಲಿದ್ದರೆ, ಇಳಿಸಿಕೊಂಡವರು ಚಲನ್ ಮೇಲೆಯೇ ಕೆಂಪು ಪೆನ್ನಿನಲ್ಲಿ ಬಾಕ್ಸ್ ಲೆಕ್ಕ ಬರೆಯಬೇಕು ಅಂತ ನಿನ್ನೆಯಿಂದ ಮಾಡಿದ್ದೇನೆ. ಹೊಸಬರು ಹಾಕುವ ಜಿಆರ್ ಅನ್ನು ಪೋಸ್ಟ್ ಮಾಡುವ ಮೊದಲು ಶಿಫ್ಟ್ ಇನ್‌ಚಾರ್ಜ್ ನೋಡುತ್ತಾರೆ. ಹುಡುಗನನ್ನು ಬೈದಿಲ್ಲ. ತಾನಾಗಿಯೇ ಬಂದು, ಸರ್ ನಾನೇ ಹಾಕಿದ್ದು ಅಂತ ಒಪ್ಪಿಕೊಂಡ. ಟಿಕೆಟ್‌ನಲ್ಲಿ "ಬಳಕೆದಾರರ ತಪ್ಪು" ಅಂತ ಬರೆದು ಮುಚ್ಚಿದ್ದನ್ನು ಅವನೂ ನೋಡಿದ್ದಾನೆ.

ಮುಂದೆ ಟಿಕೆಟ್ ಮುಚ್ಚುವ ಮೊದಲು ಒಂದು ಫೋನ್ ಮಾಡಿ, MMBEಯಲ್ಲಿ ಸ್ಟಾಕ್ ಸರಿಯಾಗಿದೆಯಾ ಅಂತ ಕೇಳಿ. ಎರಡು ನಿಮಿಷದ ಕೆಲಸ. ಸ್ಟಾಕ್ ಬ್ಲಾಕ್ ಮಾಡುವಾಗಂತೂ ಕೇಳದೆ ಮಾಡಬೇಡಿ.

ಎಣಿಕೆಯ ಹಾಳೆ, ಡೆಲಿವರಿ ಚಲನ್ ಫೋಟೋ, ಎರರ್ ಬಂದ ಪರದೆಯ ಚಿತ್ರ ಜೊತೆಗೆ ಕಳಿಸಿದ್ದೇನೆ. ಇವತ್ತು ಸಂಜೆ 7ರವರೆಗೆ ಗೋದಾಮಿನಲ್ಲೇ ಇರುತ್ತೇನೆ. ಕೌಂಟ್ ಡಾಕ್ಯುಮೆಂಟ್ ಅಳಿಸಿದ ತಕ್ಷಣ ಎಕ್ಸ್‌ಟೆನ್ಶನ್ 214ಕ್ಕೆ ಫೋನ್ ಮಾಡಿ. ಮೇಲ್ ಹಾಕಿ ಕಾಯಬೇಡಿ, ಲೋಡಿಂಗ್ ನಡೆಯುವಾಗ ನಾನು ಕಂಪ್ಯೂಟರ್ ಮುಂದೆ ಇರುವುದಿಲ್ಲ.

ಇಂತಿ,
ಮಂಜುನಾಥ
ಗೋದಾಮು ಸೂಪರ್‌ವೈಸರ್, ಪ್ಲಾಂಟ್ 1100, ಸ್ಟೋರೇಜ್ ಲೊಕೇಶನ್ 0002